ಚೌಕದ ಸ್ಕಾರ್ಫಾ, ಉದ್ದದ ಸ್ಟೋಲಾ? ತಲೆಯ ಮೇಲೆ ನಿಲ್ಲುವ ಅಳತೆ ಹುಡುಕುವುದು ಹೇಗೆ

ಸ್ಕಾರ್ಫ್ ಜಾರುತ್ತದೆ ಅಂತ ಯಾರಾದರೂ ನನ್ನ ಹತ್ತಿರ ಬಂದರೆ ನಾನು ಮೊದಲು ನೋಡುವುದು ಅವರ ತುರುಬನ್ನು. ಎಷ್ಟು ದಪ್ಪ ಇದೆ, ಎಷ್ಟು ಮೇಲೆ ಕಟ್ಟಿದ್ದಾರೆ, ಅದರ ಮೇಲೆ ಹಾದು ಬಂದ ಬಟ್ಟೆ ಹಿಂಗತ್ತಿನ ಕೆಳಗೆ ಎಷ್ಟು ಉಳಿದಿದೆ. ಅಷ್ಟು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಬಣ್ಣ, ಬಟ್ಟೆ, ಪಿನ್ನು ಎಲ್ಲ ಆಮೇಲೆ.

ನಾನು ಮೈಸೂರಿನ ಉದಯಗಿರಿಯಲ್ಲಿ ಮನೆಯಲ್ಲೇ ಹೊಲಿಗೆ, ಪೀಕೋ ಮಾಡುತ್ತೇನೆ. ಸೀರೆಯ ಫಾಲ್ ಜೊತೆಗೆ ಸ್ಕಾರ್ಫಿನ ಅಂಚು ಹೊಲಿಯುವ ಕೆಲಸವೂ ಬೇಕಾದಷ್ಟು ಬರುತ್ತದೆ. ಹಬ್ಬ ಹತ್ತಿರ ಬಂದರೆ ಅದೇ ಜಾಸ್ತಿ. ಹಾಗಾಗಿ ಜನ ಯಾವ ಅಳತೆ ತರುತ್ತಾರೆ, ಯಾವುದನ್ನು ಒಂದೇ ತಿಂಗಳಲ್ಲಿ ಬೀರುವಿನಲ್ಲಿ ಇಟ್ಟುಬಿಡುತ್ತಾರೆ ಅನ್ನೋದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಹೆಚ್ಚಿನವರು ಅಂಗಡಿಯಲ್ಲಿ ಬಟ್ಟೆಯನ್ನು ಮುಟ್ಟಿ ನೋಡುತ್ತಾರೆ, ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತಾರೆ. ಟೇಪು ಹಿಡಿಯುವವರು ತುಂಬಾ ಕಡಿಮೆ.

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗಳ ವಿಷಯವನ್ನೇ ಹೇಳುತ್ತೇನೆ. ಅವಳಿಗೆ ಮೈಸೂರಿನಲ್ಲಿ ಆಫೀಸು ಕೆಲಸ. ಮನೆಯಿಂದ ಸ್ಟೇಷನ್ನಿನವರೆಗೆ ಸ್ಕೂಟರ್, ಅಲ್ಲಿಂದ ರೈಲು. ಸೊಂಟದವರೆಗೆ ಕೂದಲು, ದಪ್ಪ ತುರುಬು. ಶಿಫಾನ್ ಸ್ಟೋಲ್ ಹಾಕುತ್ತಿದ್ದಳು. ಒಂದು ಸಂಜೆ ರೈಲಿಳಿದು ನಮ್ಮ ಮನೆಗೆ ಬಂದವಳೇ "ಖಾಲಾ, ದಿನಕ್ಕೆ ಇಪ್ಪತ್ತು ಸಲ ಇದನ್ನು ಮುಂದಕ್ಕೆ ಎಳೆದುಕೊಳ್ಳುವುದೇ ಆಯ್ತು, ಬೇರೆ ಬಟ್ಟೆ ಯಾವುದಾದರೂ ಹೇಳಿ" ಅಂದಳು. ನಾನು ಬಟ್ಟೆ ಹೇಳಲಿಲ್ಲ. ಆ ಸ್ಟೋಲನ್ನೇ ತೆಗೆದು ಮೇಜಿನ ಮೇಲೆ ಹರಡು ಅಂದೆ, ಟೇಪು ತಂದೆ.

ಪ್ಯಾಕೆಟ್ಟಿನ ಮೇಲೆ 70 ಗುಣಿಸು 180 ಸೆಂಟಿಮೀಟರ್ ಅಂತ ಇತ್ತಂತೆ. ಟೇಪಿನಲ್ಲಿ ಬಂದಿದ್ದು 67 ಮತ್ತು 176. ಪಾಲಿಯೆಸ್ಟರ್ ಶಿಫಾನ್ ಒಗೆದರೆ ಅಷ್ಟೊಂದು ಕುಗ್ಗುವ ಬಟ್ಟೆ ಅಲ್ಲ. ಅಂಚು ಮಡಿಸಿ ಹೊಲಿಯುವ ಮೊದಲಿನ ಅಳತೆಯನ್ನೇ ಬರೆದುಬಿಟ್ಟಿರುತ್ತಾರೆ, ಅಷ್ಟೆ. ಮೂರು ಸೆಂಟಿಮೀಟರ್ ತಾನೇ ಅನಿಸುತ್ತದೆ ಅಲ್ವಾ? ಆ ಮೂರು ಸೆಂಟಿಮೀಟರ್ ಎಲ್ಲಿ ಕಡಿಮೆಯಾಯಿತು ಅನ್ನುವುದು ಮುಖ್ಯ. ಅದಕ್ಕೆ ಮೊದಲು ಎರಡೂ ಆಕಾರಗಳು ತಲೆಯ ಮೇಲೆ ಹೇಗೆ ಕೂರುತ್ತವೆ ಅಂತ ನೋಡೋಣ.

ಮುಖದ ಸುತ್ತ ಕೂರುವ ಅಂಚು

ಯಾವ ನೇಯ್ದ ಬಟ್ಟೆಯನ್ನಾದರೂ ಕೈಗೆ ತೆಗೆದುಕೊಳ್ಳಿ. ಉದ್ದಕ್ಕೆ ಎಳೆಯಿರಿ, ಹಿಗ್ಗುವುದಿಲ್ಲ. ಅಡ್ಡಕ್ಕೆ ಎಳೆಯಿರಿ, ಅಷ್ಟೇ. ಹಾಸು ಎಳೆ ಒಂದು ಕಡೆ ಬಿಗಿ ಹಿಡಿದಿರುತ್ತದೆ, ಹೊಕ್ಕು ಎಳೆ ಇನ್ನೊಂದು ಕಡೆ. ಈಗ ಎದುರುಬದುರು ಮೂಲೆ ಹಿಡಿದು ಎಳೆಯಿರಿ. ಬಟ್ಟೆ ರಬ್ಬರಿನ ಹಾಗೆ ಸ್ವಲ್ಪ ಹಿಗ್ಗುತ್ತದೆ. ನಾವು ಹೊಲಿಗೆಯವರು ಇದನ್ನೇ ಕ್ರಾಸ್ ಅನ್ನುತ್ತೇವೆ. ಬ್ಲೌಸಿನ ಕತ್ತಿಗೆ ಕ್ರಾಸ್ ಪೀಸ್ ಇಡುವುದು ಯಾಕೆ ಅಂದರೆ, ಅದು ಮಾತ್ರ ಗುಂಡಗಿನ ಜಾಗಕ್ಕೆ ಸುಕ್ಕಿಲ್ಲದೆ ಕೂರುತ್ತದೆ.

ಚೌಕದ ಸ್ಕಾರ್ಫನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿದಾಗ ಆ ಮಡಿಕೆ ಪೂರ್ತಿ ಕ್ರಾಸಿನಲ್ಲಿರುತ್ತದೆ. ಹಣೆಯ ಮೇಲೆ, ಕೆನ್ನೆಯ ಪಕ್ಕ, ಗದ್ದದ ಕೆಳಗೆ ಬರುವುದು ಅದೇ ಮಡಿಕೆ. ಗದ್ದದ ಕೆಳಗೆ ಪಿನ್ನು ಹಾಕಿ ಸ್ವಲ್ಪ ಬಿಗಿ ಮಾಡಿದರೆ ಅದು ಹಿಗ್ಗಿ ಮುಖದ ಗುಂಡಗಿನ ಆಕಾರಕ್ಕೆ ಅಂಟಿಕೊಳ್ಳುತ್ತದೆ. ತಲೆ ತಿರುಗಿಸಿದಾಗಲೂ ಜೊತೆಯಲ್ಲೇ ತಿರುಗುತ್ತದೆ. ಜೊತೆಗೆ ಎರಡು ಪದರ ಇರುವುದರಿಂದ ತೆಳು ವಾಯಿಲ್ ಬಟ್ಟೆಯಲ್ಲೂ ಕೂದಲು ಕಾಣುವುದಿಲ್ಲ.

ಸ್ಟೋಲಿನಲ್ಲಿ ಮುಖದ ಸುತ್ತ ಬರುವುದು ಬಟ್ಟೆಯ ಉದ್ದದ ಅಂಚು. ಅದು ನೇರ ಎಳೆ, ಹಿಗ್ಗುವುದಿಲ್ಲ. ಹಣೆಯ ಮೇಲೆ ಸರಿಯಾಗಿ ಕೂತರೂ ಕೆನ್ನೆ ಮತ್ತು ಗದ್ದದ ನಡುವೆ ಬಾಯಿ ಬಿಡುತ್ತದೆ. ಆ ಬಾಯಿ ಮುಚ್ಚಬೇಕು ಅಂತ ಪಿನ್ನನ್ನು ಹಿಂದಕ್ಕೆ ಬಿಗಿ ಮಾಡುತ್ತೇವೆ. ಬಿಗಿ ಮಾಡಿದಷ್ಟೂ ಹಣೆಯ ಮೇಲಿನ ಅಂಚು ಹಿಂದಕ್ಕೆ ಹೋಗುತ್ತದೆ. ಹೀಗಾಗಿ ಸ್ಟೋಲ್ ಹಾಕುವವರಿಗೆ ಒಳಗೆ ಟೋಪಿ ಇಲ್ಲದೆ ಆಗುವುದೇ ಇಲ್ಲ. ಚೌಕದವರಿಗೆ ಹತ್ತಿ ಅಥವಾ ವಿಸ್ಕೋಸ್ ಬಟ್ಟೆ ಆದರೆ ಟೋಪಿ ಇಲ್ಲದೆಯೂ ನಡೆಯುತ್ತದೆ.

ಇದರ ಅರ್ಥ ಚೌಕವೇ ಒಳ್ಳೆಯದು ಅಂತ ಅಲ್ಲ. ಚೌಕದ ತೊಂದರೆ ಅದರ ಮೂಲೆಗಳಲ್ಲಿದೆ. ಎದೆಯ ಮೇಲೆ ಬರುವ ಎರಡು ತುದಿಗಳೂ ಕೆಳಗೆ ಹೋದ ಹಾಗೆ ಚೂಪಾಗುತ್ತವೆ. ಕೊನೆಯ ಹತ್ತು ಸೆಂಟಿಮೀಟರ್ ಲೆಕ್ಕಕ್ಕೇ ಇಲ್ಲ ಅಂದುಕೊಳ್ಳಿ, ಅದು ಏನನ್ನೂ ಮುಚ್ಚುವುದಿಲ್ಲ. ತಲೆವಸ್ತ್ರ ಎದೆಯ ಮೇಲೂ ಬರಲಿ ಅಂತ ಸೂರಃ ನೂರಿನ 31ನೇ ಆಯತಿನಲ್ಲೇ ಇದೆ, ನಮ್ಮಲ್ಲಿ ಹೆಚ್ಚಿನವರು ಅಳತೆ ನೋಡುವುದೂ ಅದಕ್ಕೇ. ಸ್ಟೋಲಿನ ತುದಿ ಪೂರ್ತಿ ಅಗಲವಾಗಿ ಬಿಚ್ಚಿಕೊಂಡು ಎದೆಯನ್ನು ಒಂದೇ ಹರವಿನಲ್ಲಿ ಮುಚ್ಚುತ್ತದೆ. ಚೌಕದಲ್ಲಿ ಆ ಹರವು ಬೇಕಾದರೆ ದೊಡ್ಡ ಅಳತೆಗೇ ಹೋಗಬೇಕು.

ಜಾರುವುದು ಯಾಕೆ

ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ನೋಡಿ. ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಇಳಿದೇ ಇಳಿಯುತ್ತದೆ. ಹಿಂದೆ ಇಳಿಬಿದ್ದ ಬಟ್ಟೆಯ ಭಾರ ಮುಂದಿನದಕ್ಕಿಂತ ಜಾಸ್ತಿ, ನೆತ್ತಿ ನುಣ್ಣಗೆ ಇಳಿಜಾರು. ಸ್ಕಾರ್ಫಿನಲ್ಲೂ ಇದೇ ಕತೆ. ಹಣೆಯ ಅಂಚನ್ನು ಹಿಂದಕ್ಕೆ ಎಳೆಯುವ ಬಲ ಎರಡು. ಒಂದು ಹಿಂದೆ ತೂಗುವ ಭಾರ. ಇನ್ನೊಂದು ಬಟ್ಟೆ ಸಾಲದೆ ಬರುವ ಬಿಗಿ.

ಮೊದಲನೆಯದು ದೊಡ್ಡ ಸ್ಕಾರ್ಫಿನ ಕಾಯಿಲೆ. 140ರ ಚೌಕ ತೆಗೆದುಕೊಂಡು ಹಿಂದಿನ ತ್ರಿಕೋನ ಸೊಂಟದವರೆಗೆ ಬಿಟ್ಟರೆ, ಮುಂದಿನ ತುದಿಗಳನ್ನೂ ಹೆಗಲ ಹಿಂದಕ್ಕೆ ಎಸೆದರೆ, ಎಲ್ಲ ಭಾರವೂ ಹಿಂದೆ ಹೋಯಿತು. ಇಂಥ ಸ್ಕಾರ್ಫನ್ನು ತುದಿ ಮುಂದೆ ಬಿಟ್ಟೇ ಹಾಕಬೇಕು, ಆಗ ಭಾರ ಎರಡೂ ಕಡೆ ಸಮ ಆಗುತ್ತದೆ. ಎರಡೂವರೆ ಮೀಟರ್ ದುಪಟ್ಟಾವನ್ನೇ ಹಿಜಾಬಿನಂತೆ ಸುತ್ತುವವರಿಗೂ ಇದೇ ಮಾತು.

ಎರಡನೆಯದು ಚಿಕ್ಕ ಸ್ಕಾರ್ಫಿನ ಕಾಯಿಲೆ, ನಾನು ಜಾಸ್ತಿ ನೋಡುವುದು ಇದನ್ನೇ. ಬಟ್ಟೆ ಸಾಲದಿದ್ದಾಗ ಪಿನ್ನು ಹಾಕಿದ ಜಾಗದಿಂದ ತುರುಬಿನವರೆಗೆ ಅದು ತಂತಿಯ ಹಾಗೆ ಬಿಗಿದಿರುತ್ತದೆ. ಬಲಕ್ಕೆ ತಿರುಗಿದರೆ ಎಡಗಡೆಯಿಂದ ಎಳೆತ, ಕತ್ತು ಬಗ್ಗಿಸಿದರೆ ಹಿಂಗತ್ತಿನಿಂದ ಎಳೆತ. ಬಿಡುವು ಇಲ್ಲದ ಬಟ್ಟೆಗೆ ಹೋಗಲು ಒಂದೇ ದಾರಿ, ಹಣೆಯಿಂದ ಹಿಂದಕ್ಕೆ. ಅದಕ್ಕೆ ಇನ್ನೊಂದು ಪಿನ್ನು ಹಾಕಿದರೆ ಬಿಗಿ ಇನ್ನೂ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಎರಡರಲ್ಲಿ ಯಾವುದು ನಿಮ್ಮ ತೊಂದರೆ ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಸ್ಕಾರ್ಫ್ ಪೂರ್ತಿ ಹಾಕಿಕೊಂಡು ನೇರ ನಿಂತು, ಕಿವಿಯ ಹಿಂದೆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿಯಿರಿ. ಚಿವುಟಿ ಎತ್ತಲು ಆಗದಷ್ಟು ಬಿಗಿ ಇದ್ದರೆ ಅಳತೆ ಚಿಕ್ಕದು. ಸಲೀಸಾಗಿ ಎತ್ತಬಹುದು, ಆದರೂ ಹಣೆಯ ಅಂಚು ಇಳಿಯುತ್ತಿದೆ ಅಂದರೆ ಹಿಂದಿನ ಭಾರ ಜಾಸ್ತಿ, ಇಲ್ಲವೇ ಒಳಗಿನ ಟೋಪಿಯೇ ನುಣುಪು.

ಟೇಪಿನಲ್ಲಿ ಮೂರು ಅಳತೆ

ತುರುಬು ಕಟ್ಟಿ, ಟೋಪಿ ಹಾಕುವವರಾದರೆ ಅದನ್ನೂ ಹಾಕಿಕೊಂಡೇ ಅಳೆಯಿರಿ. ಬರೀ ತಲೆಯ ಅಳತೆ ಪ್ರಯೋಜನಕ್ಕೆ ಬರುವುದಿಲ್ಲ.

ಮೊದಲನೆಯದು ಸುತ್ತು. ಗದ್ದದ ಕೆಳಗೆ ಪಿನ್ನು ಹಾಕುವ ಜಾಗದಿಂದ ಟೇಪು ಹಿಡಿದು, ಕಿವಿಯ ಮುಂದೆ ಹಾಯಿಸಿ, ನೆತ್ತಿಯ ಮುಂಭಾಗದ ಮೇಲೆ ತಂದು, ಇನ್ನೊಂದು ಕಡೆಯಿಂದ ಅದೇ ಜಾಗಕ್ಕೆ ಬನ್ನಿ. ಎರಡನೆಯದು ಹಿಂದಿನ ಅಳತೆ. ಹಣೆಯ ಕೂದಲಂಚಿನಿಂದ ಶುರು ಮಾಡಿ, ನೆತ್ತಿ, ತುರುಬಿನ ಉಬ್ಬು ಎಲ್ಲದರ ಮೇಲೆ ಟೇಪನ್ನು ಒತ್ತಿಕೊಂಡು ಹೋಗಿ ಹಿಂಗತ್ತಿನ ಕೂದಲಂಚಿಗೆ ಮುಗಿಸಿ. ಇದಕ್ಕೆ ಇನ್ನೊಬ್ಬರ ಕೈ ಬೇಕು. ಮೂರನೆಯದು ಮುಂದಿನ ಇಳಿತ. ಗದ್ದದ ಪಿನ್ನಿನಿಂದ ಎದೆಯ ಕೆಳಗೆ ಎಲ್ಲಿಯವರೆಗೆ ಬಟ್ಟೆ ಬೇಕೋ ಅಲ್ಲಿಯವರೆಗೆ.

ಅಕ್ಕನ ಮಗಳಿಗೆ ಬಂದಿದ್ದು ಹೀಗೆ. ಸುತ್ತು 66, ಹಿಂದಿನ ಅಳತೆ 46, ಮುಂದಿನ ಇಳಿತ 38. ನನ್ನ ಹಿಂದಿನ ಅಳತೆ 40 ಮಾತ್ರ, ಕೂದಲು ಕಡಿಮೆ. ಅಂದರೆ ನನಗೆ ಸರಿಯಾಗಿ ಕೂರುವ ಸ್ಟೋಲ್ ಅವಳ ಹಿಂಗತ್ತಿನಲ್ಲಿ 6 ಸೆಂಟಿಮೀಟರ್ ಮೇಲೇ ನಿಂತುಬಿಡುತ್ತದೆ. ಅಕ್ಕತಂಗಿಯರು ಒಬ್ಬರದನ್ನೊಬ್ಬರು ಹಾಕಿಕೊಂಡಾಗ ಯಾಕೆ ಹೊಂದುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಈಗ ಅವಳ ಸ್ಟೋಲಿನ ಲೆಕ್ಕ ನೋಡಿ. ಸ್ಟೋಲಿನ ಅಗಲವೇ ಹಿಂಗತ್ತನ್ನು ಮುಚ್ಚುವುದು, ಉದ್ದ ಅಲ್ಲ. ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ, ಎರಡು ಮೀಟರ್ ಉದ್ದ ಇದೆ ಸಾಕು ಅಂತ ತಂದುಬಿಡುತ್ತಾರೆ. ಅವಳದು 67 ಅಗಲ. ಹಣೆಯ ಮೇಲೆ ಒಳಕ್ಕೆ ಮಡಿಸುವುದಕ್ಕೆ 4 ಹೋಯಿತು. ಹಿಂದಿನ ಅಳತೆಗೆ 46 ಹೋಯಿತು. ಹಿಂಗತ್ತಿನ ಕೆಳಗೆ ಉಳಿದಿದ್ದು ಬರೀ 17. ನಿಂತಾಗ ಪರವಾಗಿಲ್ಲ. ಚಪ್ಪಲಿ ಹಾಕಲು ಬಗ್ಗಿದರೆ, ಬ್ಯಾಗು ಎತ್ತಲು ಕತ್ತು ಬಗ್ಗಿಸಿದರೆ ಬೆನ್ನು ಬಾಗಿ ಬಟ್ಟೆ ಮೇಲಕ್ಕೆ ಹೋಗುತ್ತದೆ, ಕುರ್ತಾದ ಕತ್ತು ಮತ್ತು ಸ್ಟೋಲಿನ ನಡುವೆ ಚರ್ಮ ಕಾಣುತ್ತದೆ. ಅವಳು ಅದನ್ನು ಮುಚ್ಚಲು ಹಿಂದಿನಿಂದ ಕೆಳಕ್ಕೆ ಎಳೆಯುತ್ತಿದ್ದಳು, ಆಗ ಹಣೆಯ ಅಂಚು ಹಿಂದಕ್ಕೆ ಬರುತ್ತಿತ್ತು. ಮತ್ತೆ ಮುಂದಕ್ಕೆ ಎಳೆಯುತ್ತಿದ್ದಳು. ದಿನಕ್ಕೆ ಇಪ್ಪತ್ತು ಸಲ ಅಂದಿದ್ದು ಇದೇ. ಹಿಂಗತ್ತಿನ ಕೆಳಗೆ ಕನಿಷ್ಠ 25 ಉಳಿಯಬೇಕು ಅನ್ನುವುದು ನನ್ನ ಲೆಕ್ಕ. ಅವಳಿಗೆ 4, 46, 25 ಸೇರಿ 75 ಅಗಲ ಬೇಕು.

ಉದ್ದಕ್ಕೆ ಬಂದರೆ, ಅವಳು ಸುತ್ತುವುದು ಎಲ್ಲರೂ ಸುತ್ತುವ ಹಾಗೆಯೇ. ಒಂದು ತುದಿ ಚಿಕ್ಕದು, ಎದೆಯ ಮೇಲೆ. ಇನ್ನೊಂದು ಉದ್ದದ ತುದಿ ಗದ್ದದ ಕೆಳಗೆ ಹಾದು, ತಲೆಯ ಮೇಲೆ ಇನ್ನೊಂದು ಸುತ್ತು ಬಂದು, ಮತ್ತೆ ಎದೆಯ ಮೇಲೆ ಇಳಿಯುತ್ತದೆ. ಹಾಗಾದರೆ ಎರಡು ಸುತ್ತಿಗೆ 132, ಎರಡು ತುದಿಗೆ ತಲಾ 30 ಇಟ್ಟರೂ 60, ಒಟ್ಟು 192. ಅವಳ ಬಳಿ ಇದ್ದಿದ್ದು 176. ಹದಿನಾರು ಸೆಂಟಿಮೀಟರ್ ಕೊರತೆಯನ್ನು ಬಿಗಿ ಎಳೆದೇ ಸರಿಮಾಡಿಕೊಂಡಿದ್ದಳು. ತಲೆಯ ಮೇಲೆ ಎರಡನೇ ಸುತ್ತು ತರದೆ ಎದೆಯ ಮೇಲಿಂದ ಹೆಗಲ ಹಿಂದಕ್ಕೆ ಹಾಕುವವರಿಗೆ 180 ಧಾರಾಳ. ಎರಡನೇ ಸುತ್ತು ಬೇಕು ಅನ್ನುವವರು 200ಕ್ಕೇ ಹೋಗುವುದು ಒಳ್ಳೆಯದು.

ಚೌಕದ ಲೆಕ್ಕ ಇನ್ನೂ ಸುಲಭ. ಮೂಲೆಯಿಂದ ಮೂಲೆಗೆ ಇರುವ ಉದ್ದ ಅಂದರೆ ಒಂದು ಬದಿಯನ್ನು 1.4ರಿಂದ ಗುಣಿಸಿದಷ್ಟು. 90ರ ಚೌಕಕ್ಕೆ 126, 100ಕ್ಕೆ 140, 110ಕ್ಕೆ 154, 120ಕ್ಕೆ 168. ಇದರಲ್ಲಿ ಸುತ್ತನ್ನು ಕಳೆದು ಎರಡು ಭಾಗ ಮಾಡಿದರೆ ಒಂದೊಂದು ತುದಿಯ ಉದ್ದ ಸಿಗುತ್ತದೆ. ಅವಳಿಗೆ ಇಳಿತ 38, ಚೂಪು ಮೂಲೆಗೆ ಇನ್ನೊಂದು 10, ಒಟ್ಟು 48 ಬೇಕು. 100ರಲ್ಲಿ ಸಿಗುವುದು 37, ಸಾಲುವುದಿಲ್ಲ. 110ರಲ್ಲಿ 44, ಹತ್ತಿರ ಬಂತು ಆದರೆ ಎದೆಯ ಬದಿಯಲ್ಲಿ ಖಾಲಿ ಉಳಿಯುತ್ತದೆ. 120ರಲ್ಲಿ 51. ಅಂದರೆ 115ರಿಂದ 120ರ ನಡುವೆ ಅವಳ ಅಳತೆ. ಹಿಂದಿನ ಚಿಂತೆ ಚೌಕದಲ್ಲಿ ಇಲ್ಲ. ಹಿಂದಿನ ತ್ರಿಕೋನದ ಉದ್ದ ಮೂಲೆಯಳತೆಯ ಅರ್ಧ, ಅಂದರೆ 120ಕ್ಕೆ 84, ಅದರಲ್ಲಿ 46 ಕಳೆದರೂ 38 ಹಿಂಗತ್ತಿನ ಕೆಳಗೆ ಇಳಿಯುತ್ತದೆ. ದಪ್ಪ ತುರುಬಿನವರಿಗೆ ನಾನು ಮೊದಲು ಚೌಕವನ್ನೇ ಹೇಳುವುದು ಇದಕ್ಕೆ.

90ರದ್ದು ದೊಡ್ಡವರಿಗೆ ಹಿಜಾಬಿಗೆ ಆಗುವುದಿಲ್ಲ. ಅವಳ 66ರ ಸುತ್ತಿಗೆ ಹಾಕಿ ನೋಡಿದರೆ ತುದಿ ಸಿಗುವುದು 30 ಮಾತ್ರ, ಅದರಲ್ಲಿ 10 ಚೂಪು. ಅದು ಕತ್ತಿಗೆ ಕಟ್ಟಿಕೊಳ್ಳುವ ಸ್ಕಾರ್ಫು. ಸ್ಕೂಲಿಗೆ ಹೋಗುವ ಹುಡುಗಿಯರ ಚಿಕ್ಕ ತಲೆಗಾದರೆ ಚೆನ್ನಾಗಿ ಕೂರುತ್ತದೆ.

ಬಟ್ಟೆಯ ಮಾತು

ಅಳತೆ ಸರಿಯಾದ ಮೇಲೆ ಬಟ್ಟೆ. ಜಾರ್ಜೆಟ್ ಮತ್ತು ಕ್ರೇಪಿನ ನೂಲನ್ನು ತುಂಬಾ ಹುರಿ ಹಾಕಿ ನೇಯುತ್ತಾರೆ, ಅದಕ್ಕೇ ಕೈಗೆ ಮರಳು ಮರಳಾಗಿ ಸಿಗುತ್ತದೆ. ಅದು ಸ್ಯಾಟಿನ್ನಿಗಿಂತ ಚೆನ್ನಾಗಿ ನಿಲ್ಲುತ್ತದೆ. ನಮ್ಮ ಮೈಸೂರು ಸಿಲ್ಕ್ ಕ್ರೇಪ್ ಸೀರೆಯ ಸೆರಗನ್ನು ಮುಟ್ಟಿದವರಿಗೆ ಈ ವ್ಯತ್ಯಾಸ ಬೆರಳಿಗೇ ಗೊತ್ತಿರುತ್ತದೆ. ಹತ್ತಿ ವಾಯಿಲ್, ವಿಸ್ಕೋಸ್, ಮೋಡಲ್ ಇವು ಟೋಪಿಯ ಜೊತೆ ಒಳ್ಳೆಯ ಹಿಡಿತ ಕೊಡುತ್ತವೆ. ಜರ್ಸಿ ನೇಯ್ದ ಬಟ್ಟೆ ಅಲ್ಲ, ಹೆಣೆದದ್ದು, ಬನಿಯನ್ ಬಟ್ಟೆಯ ಹಾಗೆ. ಅದು ಎಲ್ಲ ಕಡೆಗೂ ಹಿಗ್ಗುತ್ತದೆ, ಹಾಗಾಗಿ ಸ್ಟೋಲಿನ ಆಕಾರದಲ್ಲೇ ಮುಖಕ್ಕೆ ಅಂಟುತ್ತದೆ, ಪಿನ್ನು ಇಲ್ಲದೆಯೂ ನಡೆಯುತ್ತದೆ. ಆದರೆ ಏಪ್ರಿಲ್ ತಿಂಗಳ ಮಂಡ್ಯದ ಬಿಸಿಲಲ್ಲಿ ಎರಡು ಸುತ್ತು ಜರ್ಸಿ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದವರಿಗೆ ಅದರ ಕಷ್ಟ ಗೊತ್ತು.

ಶಿಫಾನ್ ಬಿಡಲು ಆಗಲ್ಲ ಅನ್ನುವವರು ಟೋಪಿಯನ್ನು ಬದಲಿಸಿ. ಸ್ಯಾಟಿನ್ ಟೋಪಿಯ ಮೇಲೆ ಶಿಫಾನ್ ಹಾಕಿದರೆ ನುಣುಪಿನ ಮೇಲೆ ನುಣುಪು. ಹತ್ತಿಯ ಬನಿಯನ್ ಬಟ್ಟೆಯ ಟೋಪಿ ಹಾಕಿ. ಕೂದಲು ಉಜ್ಜಿ ತುಂಡಾಗುತ್ತದೆ ಅಂತ ಸ್ಯಾಟಿನ್ನೇ ಬೇಕು ಅಂದರೆ ಒಳಗಡೆ ಸ್ಯಾಟಿನ್, ಹೊರಗಡೆ ಹತ್ತಿ ಇಟ್ಟು ಹೊಲಿಸಬಹುದು, ನಾನು ಹಾಗೆ ಎಷ್ಟೋ ಹೊಲಿದುಕೊಟ್ಟಿದ್ದೇನೆ. ಹಣೆಯ ಮೇಲೆ ಎರಡು ಬೆರಳಗಲ ವೆಲ್ವೆಟ್ ಪಟ್ಟಿ ಇಟ್ಟರೆ ಇನ್ನೂ ಒಳ್ಳೆಯದು, ವೆಲ್ವೆಟ್ಟಿನ ಜುಂಗು ಮೇಲಿನ ಬಟ್ಟೆಯನ್ನು ಹಿಡಿದು ನಿಲ್ಲಿಸುತ್ತದೆ.

ಅಂಗಡಿಯಲ್ಲಿ ಸಿಗದಿದ್ದರೆ ತಾನಿನಿಂದ ಕತ್ತರಿಸಿ

ನಿಮ್ಮ ಅಳತೆಯ ಸ್ಕಾರ್ಫ್ ಸಿದ್ಧವಾಗಿ ಸಿಗದೇ ಹೋಗಬಹುದು. 115, 120ರ ಚೌಕ ಕೇಳಿದರೆ "ಇದೇ ದೊಡ್ಡದು" ಅಂತ 100ರದ್ದನ್ನೇ ಕೊಡುತ್ತಾರೆ. ಒಮ್ಮೆ ಒಂದು ಅಂಗಡಿಯಲ್ಲಿ ನಾನೇ 110 ಅಂತ ಹೇಳಿದ್ದನ್ನು ನಂಬಿ ಮೂರು ತಂದು, ಮನೆಯಲ್ಲಿ ಅಳೆದರೆ ಒಂದು ಬದಿ 104, ಇನ್ನೊಂದು ಬದಿ 108. ಅದು ಚೌಕವೇ ಅಲ್ಲ. ಹೀಗೆ ಬದಿ ಹೆಚ್ಚುಕಡಿಮೆ ಇದ್ದರೆ ಮೂಲೆಗೆ ಮೂಲೆ ಕೂರುವುದಿಲ್ಲ, ಮಡಿಕೆ ಕ್ರಾಸಿನಿಂದ ತಪ್ಪುತ್ತದೆ, ಒಂದು ಕೆನ್ನೆಯ ಮೇಲೆ ಮಾತ್ರ ಬಾಯಿ ಬಿಡುತ್ತದೆ. ಅಂಗಡಿಯಲ್ಲೇ ಮೂಲೆ ಮಡಿಸಿ ನೋಡಿ. ತುದಿಗಳು ಒಂದರ ಮೇಲೊಂದು ಬರದಿದ್ದರೆ ವಾಪಸ್ ಕೊಡಿ.

ಬಟ್ಟೆ ಅಂಗಡಿಯಲ್ಲಿ ತಾನಿನಿಂದ ಕತ್ತರಿಸುವುದಾದರೆ ಪನ್ನಾ, ಅಂದರೆ ತಾನಿನ ಅಗಲ, ಎಷ್ಟು ಅಂತ ಕೇಳಿ. ಸಾಮಾನ್ಯವಾಗಿ 44 ಇಂಚಿನ ಪನ್ನಾ, 58 ಇಂಚಿನ ಪನ್ನಾ ಅಂತ ಎರಡು ಸಿಗುತ್ತವೆ. 44 ಇಂಚು ಅಂದರೆ ಸುಮಾರು 112 ಸೆಂಟಿಮೀಟರ್. ಬಿರುಸಾದ ಅಂಚು ತೆಗೆದು ಪೀಕೋ ಮಾಡಿದರೆ 109, 110ರ ಚೌಕ ಬರುತ್ತದೆ, ತೆಳು ತುರುಬಿನವರಿಗೆ ಅದು ಸರಿ. 110ಕ್ಕಿಂತ ದೊಡ್ಡದು ಬೇಕಾದರೆ 58ರ ಪನ್ನಾವೇ ಬೇಕು, ಅದು 147 ಸೆಂಟಿಮೀಟರ್ ಆಗುತ್ತದೆ. ಅದರಲ್ಲಿ 120 ಕತ್ತರಿಸಿದರೆ ಪಕ್ಕದಲ್ಲಿ ಉಳಿಯುವ ಪಟ್ಟಿಯಲ್ಲಿ ಅದೇ ಬಣ್ಣದ ಟೋಪಿ ಹೊಲಿಸಬಹುದು. ಸ್ಟೋಲಿಗೆ 58ರ ಪನ್ನಾದಲ್ಲಿ ಎರಡು ಮೀಟರ್ ತೆಗೆದು ಉದ್ದಕ್ಕೆ ಎರಡು ಭಾಗ ಮಾಡಿದರೆ, 72 ಅಗಲದ ಎರಡು ಸ್ಟೋಲ್ ಬರುತ್ತವೆ. ಅಕ್ಕತಂಗಿಯರು ಹಂಚಿಕೊಳ್ಳಬಹುದು, ಇಬ್ಬರ ಹಿಂದಿನ ಅಳತೆ 43ರ ಒಳಗೆ ಇದ್ದರೆ.

ಹತ್ತಿ, ವಿಸ್ಕೋಸ್ ಆದರೆ ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಅಂಗಡಿಯಲ್ಲಿ ಒಂದು ಹತ್ತು ಸೆಂಟಿಮೀಟರ್ ಜಾಸ್ತಿಯೇ ತೆಗೆದುಕೊಳ್ಳಿ. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ಅಂಚಿಗೆ ಪೀಕೋ ಸಾಕು, ದಪ್ಪಗೆ ಮಡಿಸಿ ಹೊಲಿದರೆ ಎಲ್ಲ ಬದಿಯಲ್ಲೂ ಒಂದೊಂದು ಸೆಂಟಿಮೀಟರ್‌ಗಿಂತ ಜಾಸ್ತಿ ಹೋಗುತ್ತದೆ, ಅಂಚೂ ಬಿರುಸಾಗಿ ಮುಖದ ಪಕ್ಕ ಎದ್ದು ನಿಲ್ಲುತ್ತದೆ.

ಚೌಕವನ್ನು ಒಗೆದ ಮೇಲೆ ಒಂದು ಮೂಲೆಗೆ ಕ್ಲಿಪ್ಪು ಹಾಕಿ ತಂತಿಯ ಮೇಲೆ ನೇತುಹಾಕಬೇಡಿ. ಒದ್ದೆ ಬಟ್ಟೆಯ ಭಾರ ಪೂರ್ತಿ ಕ್ರಾಸಿನ ಮೇಲೆ ಬಿದ್ದು ಗಾಳಿಪಟದ ಹಾಗೆ ಉದ್ದವಾಗುತ್ತದೆ. ಒಂದು ಬದಿಯನ್ನು ಪೂರ್ತಿ ತಂತಿಯ ಮೇಲೆ ಹಾಸಿ. ಇಸ್ತ್ರಿ ಮಾಡುವಾಗಲೂ ಮಡಿಕೆಯ ಉದ್ದಕ್ಕೆ ಎಳೆಯದೆ ಒತ್ತಿ ಎತ್ತಿ.

ಸ್ಕೂಟರ್, ಹೆಲ್ಮೆಟ್, ರುಕೂ

ಯಾವ ಸ್ಕಾರ್ಫ್ ಆದರೂ ಮನೆಯಿಂದ ಹೊರಡುವ ಮೊದಲು ಒಂದು ಪರೀಕ್ಷೆ ಸಾಕು. ರುಕೂ ಮಾಡುವ ಹಾಗೆ ಸೊಂಟದಿಂದ ಬಗ್ಗಿ. ಹಿಂಗತ್ತು ಕಂಡರೆ ಸ್ಟೋಲಿನ ಅಗಲ ಸಾಲದು. ಹಿಂದಿನ ತ್ರಿಕೋನ ತಲೆಯ ಮೇಲೆ ಮಗುಚಿ ಮುಂದೆ ಬಿದ್ದರೆ ಚೌಕದ ತುದಿಗಳನ್ನು ಹೆಗಲ ಮೇಲೆ ಒಂದೊಂದು ಪಿನ್ನಿನಿಂದ ಹಿಡಿಸಬೇಕು. ಹಾಗೇ ಎದ್ದು ಎಡಕ್ಕೆ, ಬಲಕ್ಕೆ ಸಲಾಂ ಕೊಡುವ ಹಾಗೆ ಪೂರ್ತಿ ತಿರುಗಿ. ಗದ್ದದ ಪಿನ್ನು ಜಾಗ ಬಿಟ್ಟು ಪಕ್ಕಕ್ಕೆ ಹೋದರೆ ಒಂದು ತುದಿಯಲ್ಲಿ ಬಿಗಿ ಇದೆ ಅಂತ ಅರ್ಥ.

ಸ್ಕೂಟರ್ ಓಡಿಸುವವರು ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಸ್ಟೋಲಿನ ಉದ್ದದ ತುದಿ ಹೆಗಲ ಹಿಂದೆ ಹಾರುತ್ತಾ ಇದ್ದರೆ ಅದು ಹಿಂದಿನ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು. ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡು ಬಿದ್ದವರ ಸುದ್ದಿ ನಾವೆಲ್ಲ ಕೇಳಿದ್ದೇವೆ. ಹೊರಡುವ ಮೊದಲು ಎರಡೂ ತುದಿಗಳನ್ನು ಬುರ್ಖಾ ಅಥವಾ ಕುರ್ತಾದ ಒಳಗೆ ಸೇರಿಸಿ. ಹಿಂದೆ ಕೂತ ಮಗಳ ಸ್ಕಾರ್ಫನ್ನೂ ನೋಡಿ. ಹೆಲ್ಮೆಟ್ಟಿನ ಒಳಗೆ ಕಿವಿಯ ಮೇಲೆ, ನೆತ್ತಿಯ ಮೇಲೆ ಪಿನ್ನು ಇರಬಾರದು, ಬಿದ್ದರೆ ಅದು ತಲೆಗೇ ಚುಚ್ಚುತ್ತದೆ. ತುರುಬನ್ನು ಹಿಂಗತ್ತಿನ ಹತ್ತಿರಕ್ಕೆ ಕಟ್ಟಿ, ಮೇಲೆ ಕಟ್ಟಿದರೆ ಹೆಲ್ಮೆಟ್ ಪೂರ್ತಿ ಕೂರುವುದೇ ಇಲ್ಲ. ಎರಡು ಸುತ್ತಿನ ಸ್ಟೋಲಿಗಿಂತ ಒಂದೇ ಸುತ್ತಿನ ಚೌಕ ಹೆಲ್ಮೆಟ್ಟಿನೊಳಗೆ ತೆಳ್ಳಗೆ ಕೂರುತ್ತದೆ. ಹೆಲ್ಮೆಟ್ ತೆಗೆಯುವಾಗ ಹಣೆಯ ಅಂಚನ್ನು ಒಂದು ಕೈಯಲ್ಲಿ ಹಿಡಿದು, ಹಿಂದಿನಿಂದ ಮುಂದಕ್ಕೆ ಎತ್ತಿ ತೆಗೆಯಿರಿ, ಆಗ ಸ್ಕಾರ್ಫ್ ಹಿಂದಕ್ಕೆ ಹೋಗುವುದಿಲ್ಲ.

ಅಕ್ಕನ ಮಗಳಿಗೆ ಕೊನೆಗೆ 58ರ ಪನ್ನಾದ ಹತ್ತಿ ವಾಯಿಲ್ ತಂದೆವು. ನೆನೆಸಿ, ಒಣಗಿಸಿ, 119ಕ್ಕೆ ಕತ್ತರಿಸಿ ಪೀಕೋ ಮಾಡಿದ ಮೇಲೆ 118ರ ಚೌಕ ಬಂತು. ಮೂಲೆಯಿಂದ ಮೂಲೆಗೆ 165, ತುದಿಗಳು ಹತ್ತಿರ ಹತ್ತಿರ 50. ಕೆಲಸದ ದಿನಕ್ಕೆ ಅದು. ಮದುವೆ, ಹಬ್ಬಕ್ಕೆ ಅವಳಿಗೆ ಶಿಫಾನೇ ಬೇಕು, ಅದಕ್ಕೆ 44ರ ಪನ್ನಾದಲ್ಲಿ ಎರಡು ಮೀಟರ್ ತೆಗೆದು 80 ಅಗಲದ ಸ್ಟೋಲ್ ಮಾಡಿಕೊಟ್ಟೆ, ಜೊತೆಗೆ ವೆಲ್ವೆಟ್ ಪಟ್ಟಿಯ ಟೋಪಿ. ಚೌಕವನ್ನು ಮೊದಲ ಸಲ ಹಾಕಿಕೊಂಡಾಗ ಗದ್ದದ ಪಿನ್ನನ್ನು ಹಳೇ ಅಭ್ಯಾಸದಲ್ಲಿ ಬಿಗಿಯಾಗಿ ಹಾಕಿದಳು. ನಾನು ಬಿಚ್ಚಿಸಿ, ಬಾಯಿ ಪೂರ್ತಿ ತೆರೆದು ಆಮೇಲೆ ಪಿನ್ನು ಹಾಕು ಅಂದೆ. ಆ ಬಿಡುವು ಇದ್ದರೆ ಮಾತಾಡುವಾಗ, ಊಟ ಮಾಡುವಾಗ ಅಂಚು ಎಳೆಯುವುದಿಲ್ಲ. ಮರುದಿನ ಸಂಜೆ ರೈಲಿನಿಂದ ಫೋನ್ ಮಾಡಿ "ಖಾಲಾ, ಇವತ್ತು ಎರಡೇ ಸಲ ಮುಟ್ಟಿದ್ದು, ಅದೂ ಹೆಲ್ಮೆಟ್ ತೆಗೆದಾಗ" ಅಂದಳು.